ಇಡೀ ಅಪಾರ್ಟ್‌ಮೆಂಟಿಗೆ ಒಂದೇ ಡಿಶ್: ಸಮಿತಿಯ ಮುಂದೆ ಪ್ರಸ್ತಾವ ಇಡುವುದು ಹೇಗೆ

ಒಂದೊಂದು ಮನೆಗೂ ಒಂದೊಂದು ಡಿಶ್ ಬೇಡ, ತಾರಸಿಯಲ್ಲಿ ಒಂದು ದೊಡ್ಡ ಡಿಶ್ ಇಟ್ಟು ಅಲ್ಲಿಂದ ಎಲ್ಲ ಫ್ಲಾಟಿಗೂ ಕೇಬಲ್ ಎಳೆಯೋಣ. ಈ ಮಾತು ಹಾಸನ, ಚಿಕ್ಕಮಗಳೂರಿನ ಅಪಾರ್ಟ್‌ಮೆಂಟ್ ಸಭೆಗಳಲ್ಲಿ ಆಗಾಗ ಬರುತ್ತದೆ. ಬಂದಷ್ಟೇ ಬೇಗ ಸತ್ತೂ ಹೋಗುತ್ತದೆ. ಯಾಕೆಂದರೆ ಎತ್ತಿದವರು ಉಳಿತಾಯದ ಮಾತು ಆಡುತ್ತಾರೆ. "ನನ್ನ ಡಿಶ್ ಚೆನ್ನಾಗೇ ಇದೆ, ದುಡ್ಡು ಕೊಟ್ಟಾಗಿದೆ, ನನಗೇನು ಉಳಿತಾಯ?" ಎಂದು ಯಾರೋ ಕೇಳುತ್ತಾರೆ. ಉತ್ತರ ಇರುವುದಿಲ್ಲ. ಅವರು ಕೇಳಿದ್ದೂ ಸರಿಯೇ.

ಮಲೆನಾಡಿನ ಅಂಚಿನ ಊರುಗಳಲ್ಲಿ ಈ ಪ್ರಸ್ತಾವಕ್ಕೆ ಗಟ್ಟಿ ಕಾರಣ ಬೇರೆ ಎರಡಿವೆ. ಒಂದು ತಾರಸಿಯ ಸೋರಿಕೆ, ಇನ್ನೊಂದು ಮಳೆಯಲ್ಲಿ ಹೋಗುವ ಸಿಗ್ನಲ್. ಸಮಿತಿಗೆ ಕೊಡುವ ಪತ್ರ ಇವೆರಡರಿಂದ ಶುರುವಾಗಲಿ. ಕೆಳಗಿನ ಲೆಕ್ಕಕ್ಕೆ ಚಿಕ್ಕಮಗಳೂರಿನ ಒಂದು ಮಾದರಿ ಕಟ್ಟಡ ಇಟ್ಟುಕೊಳ್ಳೋಣ. ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ, ಮಹಡಿಗೆ ಆರರಂತೆ 24 ಫ್ಲಾಟು. ನಿಮ್ಮದು ಇದಕ್ಕಿಂತ ಚಿಕ್ಕದಿರಬಹುದು, ದೊಡ್ಡದಿರಬಹುದು. ಕ್ರಮ ಮಾತ್ರ ಇದೇ.

ತಾರಸಿಗೆ ಹೋಗಿ ತೂತು ಎಣಿಸಿ

ಪತ್ರ ಬರೆಯುವ ಮೊದಲು ಫೋನ್ ಹಿಡಿದುಕೊಂಡು ತಾರಸಿಗೆ ಹೋಗಿ. ಸಾಮಾನ್ಯ ಡಿಶ್ ಕಂಬದ ಬುಡದಲ್ಲಿ ನಾಲ್ಕು ಆ್ಯಂಕರ್ ಬೋಲ್ಟ್ ಇರುತ್ತವೆ. ಹುಡುಗರು ಬಂದು ಡ್ರಿಲ್ ಹಾಕಿ, ನೇರ ಮೋಲ್ಡಿಗೆ ತೂತು ಕೊರೆದು, ಬೋಲ್ಟ್ ಬಿಗಿದು ಹೋಗುತ್ತಾರೆ. ವಾಟರ್‌ಪ್ರೂಫಿಂಗ್ ಪದರ ಅಲ್ಲೇ ಹರಿಯುತ್ತದೆ. 20 ಡಿಶ್ ಎಂದರೆ 80 ತೂತು. ಕಂಪನಿ ಬದಲಿಸಿದವರ ಹಳೇ ಕಂಬದ ತೂತುಗಳು ಇದರಲ್ಲಿ ಸೇರಿಲ್ಲ. ಡಿಶ್ ಕಿತ್ತುಕೊಂಡು ಹೋದವರು ತೂತು ಮುಚ್ಚಿ ಹೋಗಿದ್ದನ್ನು ನೀವು ನೋಡಿದ್ದೀರಾ?

ತುಕ್ಕು ಹಿಡಿದ ಬೋಲ್ಟಿನ ಸುತ್ತ ಕಂದು ಬಣ್ಣದ ಉಂಗುರ ಕಾಣುತ್ತದಲ್ಲ, ಅದರ ಫೋಟೋ ತೆಗೆಯಿರಿ. ಆಮೇಲೆ ಕೆಳಗಿಳಿದು, ಅದರ ನೇರ ಕೆಳಗಿನ ಫ್ಲಾಟಿನವರನ್ನು ಕೇಳಿ ಅವರ ಸೀಲಿಂಗಿನ ಫೋಟೋ ತೆಗೆಯಿರಿ. ಎಲ್ಲ ಸೋರಿಕೆಗೂ ಡಿಶ್ಶೇ ಕಾರಣ ಎಂದು ಮಾತ್ರ ಬರೆಯಬೇಡಿ. ಪ್ಯಾರಪೆಟ್ ಮೂಲೆ, ಮಳೆನೀರಿನ ಪೈಪಿನ ಬಾಯಿ ಕೂಡ ಸೋರುತ್ತವೆ. ಕಲೆ ಮತ್ತು ಬೋಲ್ಟ್ ಮೇಲೆ ಕೆಳಗೆ ಹೊಂದಿಕೆಯಾಗುವ ಎರಡು ಜಾಗ ಸಿಕ್ಕರೂ ಸಾಕು. ಆ ಎರಡು ಫೋಟೋ ಜೋಡಿ ಪತ್ರದ ಮೊದಲ ಪುಟದಲ್ಲಿರಲಿ. ಮುಂದಿನ ವರ್ಷ ತಾರಸಿಗೆ ಮತ್ತೆ ವಾಟರ್‌ಪ್ರೂಫಿಂಗ್ ಮಾಡಿಸುವ ಯೋಚನೆ ಸಮಿತಿಗಿದ್ದರೆ ನಿಮ್ಮ ಕೆಲಸ ಇನ್ನೂ ಸುಲಭ. ಹೊಸ ಪದರ ಹಾಕಿಸಿ ಮತ್ತೆ 80 ತೂತು ಹೊಡೆಸುವುದು ಯಾರಿಗೂ ಬೇಕಿಲ್ಲ.

ಹೊಸ ಡಿಶ್‌ಗೆ ತೂತೇ ಬೇಡ. ಕಬ್ಬಿಣದ ಚೌಕಟ್ಟಿನ ಮೇಲೆ ಕಂಬ ನಿಲ್ಲಿಸಿ, ಚೌಕಟ್ಟಿನ ಮೇಲೆ ಸಾಲಿಡ್ ಬ್ಲಾಕ್ ಹೇರಿದರೆ ಸಾಕು, ಕೆಳಗೆ ರಬ್ಬರ್ ಮ್ಯಾಟ್. 90 ಸೆಂಟಿಮೀಟರ್ ಡಿಶ್ ಆದರೆ ಒಂದು ಮೀಟರ್ ಚೌಕದ ಚೌಕಟ್ಟು, ಮೇಲೆ 150 ಕೆಜಿಯಷ್ಟು ಭಾರ ಎಂದು ಲೆಕ್ಕ ಇಟ್ಟುಕೊಳ್ಳಿ. ಎಂಟು ಇಂಚಿನ ಐದು ಸಾಲಿಡ್ ಬ್ಲಾಕ್ ಅಷ್ಟಾಗುತ್ತದೆ. ಆಷಾಢದ ಗಾಳಿಗೆ ಕಡಿಮೆ ಭಾರ ಸಾಲದು. ಚೌಕಟ್ಟನ್ನು ಮೋಲ್ಡಿನ ನಡುವೆ ಇಡಬೇಡಿ, ಕೆಳಗೆ ತೊಲೆ ಅಥವಾ ಪಿಲ್ಲರ್ ಇರುವ ಕಡೆ ಇಡಿ. ಜಾಗ ಗುರುತಿಸಲು ಕಟ್ಟಡದ ಇಂಜಿನಿಯರ್ ಒಮ್ಮೆ ಬಂದು ನೋಡಲಿ.

ಮಳೆ ಮತ್ತು ಡಿಶ್‌ನ ಅಗಲ

ಜಿಟಿಜಿಟಿ ಮಳೆಗೆ ಟಿವಿ ಹೋಗುವುದು ಕಡಿಮೆ. ದಪ್ಪ ಹನಿಯ ಜೋರು ಮಳೆಗೆ ಹೋಗುತ್ತದೆ. ಡಿಟಿಎಚ್ ಸಿಗ್ನಲ್ ಬರುವುದು ಕೆಯು ಬ್ಯಾಂಡ್ ಎಂಬ ಹೆಚ್ಚಿನ ಆವರ್ತನದ ಅಲೆಯಲ್ಲಿ. ಆ ಅಲೆಯನ್ನು ಮಳೆಹನಿ ಹೀರಿಕೊಳ್ಳುತ್ತದೆ, ಚದುರಿಸುತ್ತದೆ. ಮನೆಗಳಿಗೆ ಹಾಕುವ 60 ಸೆಂಟಿಮೀಟರ್ ಡಿಶ್‌ನಲ್ಲಿ ಒಣ ದಿನಕ್ಕೆ ಬೇಕಾದ್ದಕ್ಕಿಂತ ಸ್ವಲ್ಪ ಮಾತ್ರ ಜಾಸ್ತಿ ಸಿಗ್ನಲ್ ಇರುತ್ತದೆ. ಅದು ಮುಗಿದ ಕ್ಷಣ ಚಿತ್ರ ಚೂರುಚೂರಾಗಿ ನಿಂತುಹೋಗುತ್ತದೆ.

ಒಬ್ಬರೇ ಆದರೆ ದೊಡ್ಡ ಡಿಶ್ ಯಾರೂ ಹಾಕಿಸುವುದಿಲ್ಲ. 24 ಮನೆ ಸೇರಿದರೆ ಹಾಕಿಸಬಹುದು. 60ರ ಬದಲು 90 ಸೆಂಟಿಮೀಟರ್ ಹಾಕಿದರೆ ಡಿಶ್‌ನ ವಿಸ್ತೀರ್ಣ ಎರಡೂಕಾಲು ಪಟ್ಟಾಗುತ್ತದೆ. ಸಿಗ್ನಲ್ ಸುಮಾರು 3.5 ಡೆಸಿಬೆಲ್ ಏರುತ್ತದೆ. ಇದರಿಂದ ಮಳೆಗೆ ಟಿವಿ ಹೋಗುವುದೇ ಇಲ್ಲ ಎಂದು ಸಭೆಯಲ್ಲಿ ಹೇಳಬೇಡಿ. ಗುಡುಗು ಮಳೆಯ ನಡುಮಧ್ಯೆ 90 ಸೆಂಟಿಮೀಟರೂ ಸೋಲುತ್ತದೆ. ಆದರೆ ಸೋಲುವುದು ತಡವಾಗುತ್ತದೆ, ಸಿಗ್ನಲ್ ಬೇಗ ವಾಪಸ್ ಬರುತ್ತದೆ. ಅಷ್ಟೇ ಬರೆಯಿರಿ. ಹೆಚ್ಚು ಭರವಸೆ ಕೊಟ್ಟರೆ ಮೊದಲ ಮಳೆಗೇ ನಿಮ್ಮ ಮನೆ ಬಾಗಿಲು ಬಡಿಯುತ್ತಾರೆ.

ಗಿರಿ ಅಡ್ಡ ಬರುತ್ತದೆಯೇ, ಪಕ್ಕದ ತೋಟದ ಸಿಲ್ವರ್ ಓಕ್ ಅಡ್ಡ ಬರುತ್ತದೆಯೇ ಎಂದು ಕೇಳುತ್ತಾರೆ. ಮುಳ್ಳಯ್ಯನಗಿರಿ ಸಾಲು ಊರಿನ ಉತ್ತರದ ಕಡೆಗಿದೆ. ಡಿಶ್ ನೋಡುವುದು ಅದಕ್ಕೆ ಬೆನ್ನು ಹಾಕಿ. ಡಿಡಿ ಫ್ರೀ ಡಿಶ್ ಬರುವ ಜಿಸ್ಯಾಟ್-15 ಉಪಗ್ರಹ ಇರುವುದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ. ಚಿಕ್ಕಮಗಳೂರಿನಿಂದ ಅದು ಆಗ್ನೇಯಕ್ಕೆ, ಹೆಚ್ಚುಕಡಿಮೆ ಹಾಸನದ ದಿಕ್ಕಿಗೆ, ನೆಲದಿಂದ ಸುಮಾರು 64 ಡಿಗ್ರಿ ಎತ್ತರದಲ್ಲಿದೆ. ಟಾಟಾ ಪ್ಲೇ ಬಳಸುವ 83 ಡಿಗ್ರಿಯ ಜಾಗ ಇನ್ನೂ ಮೇಲೆ, ಸುಮಾರು 72 ಡಿಗ್ರಿ ಎತ್ತರದಲ್ಲಿದೆ, ದಿಕ್ಕೂ ದಕ್ಷಿಣಕ್ಕೆ ಹೆಚ್ಚು ವಾಲಿದೆ. ಇಷ್ಟು ಎತ್ತರಕ್ಕೆ ನೋಡುವುದರಿಂದ ಮರ ತೀರಾ ಹತ್ತಿರ ಇದ್ದರೆ ಮಾತ್ರ ಅಡ್ಡ ಬರುತ್ತದೆ. 64 ಡಿಗ್ರಿಗೆ ಲೆಕ್ಕ ಹೀಗೆ: ಮರ ಡಿಶ್‌ಗಿಂತ ಎಷ್ಟು ಎತ್ತರವೋ, ಅದರ ಅರ್ಧದಷ್ಟು ದೂರದಾಚೆ ಇದ್ದರೆ ತೊಂದರೆ ಇಲ್ಲ. ಡಿಶ್‌ಗಿಂತ ಆರು ಮೀಟರ್ ಎತ್ತರದ ತೆಂಗಿನಮರ ಮೂರು ಮೀಟರಿಗಿಂತ ಆಚೆ ಇರಲಿ, ಅಷ್ಟೇ. ಓವರ್‌ಹೆಡ್ ಟ್ಯಾಂಕು, ಸೋಲಾರ್ ಹೀಟರುಗಳನ್ನೂ ಇದೇ ಲೆಕ್ಕದಲ್ಲಿ ನೋಡಿ. ಮರಕ್ಕಿಂತ ಅವೇ ಹೆಚ್ಚಾಗಿ ಅಡ್ಡ ನಿಲ್ಲುತ್ತವೆ.

ಯಾರ ಮನೆಯಲ್ಲಿ ಯಾವ ಕಂಪನಿ?

ಪ್ರಸ್ತಾವ ಮುಗ್ಗರಿಸುವುದು ಇಲ್ಲಿ. ಒಂದು ಡಿಶ್ ಒಂದು ಜಾಗದ ಉಪಗ್ರಹವನ್ನು ನೋಡುತ್ತದೆ. ಟಾಟಾ ಪ್ಲೇ 83 ಡಿಗ್ರಿ, ಫ್ರೀ ಡಿಶ್ 93.5 ಡಿಗ್ರಿ, ಏರ್‌ಟೆಲ್ 108.2 ಡಿಗ್ರಿ. ಒಂದರ ಕಡೆ ತಿರುಗಿಸಿದ ಡಿಶ್‌ಗೆ ಇನ್ನೊಂದು ಸಿಗುವುದಿಲ್ಲ. ಉಪಗ್ರಹಗಳು ತೀರಾ ಅಕ್ಕಪಕ್ಕ ಇದ್ದರೆ ಒಂದೇ ಡಿಶ್‌ಗೆ ಎರಡು ಎಲ್‌ಎನ್‌ಬಿ, ಅಂದರೆ ಡಿಶ್‌ನ ಮುಂದೆ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಸಾಧನ, ಕೂರಿಸಬಹುದು. ಇಷ್ಟು ದೂರ ದೂರ ಇದ್ದರೆ ಆ ದಾರಿ ಹಿಡಿಯಬೇಡಿ.

ಹಾಗಾಗಿ ಒಂದು ಕಾಗದ ಹಿಡಿದು ಮನೆಮನೆಗೆ ಹೋಗಿ. ಯಾವ ಕಂಪನಿ, ಎಷ್ಟು ಟಿವಿ, ಎಷ್ಟು ಬಾಕ್ಸ್, ಇಂಟರ್ನೆಟ್‌ನಲ್ಲೇ ಟಿವಿ ನೋಡುವವರು ಯಾರು, ಇಷ್ಟು ಬರೆದುಕೊಳ್ಳಿ. ನಮ್ಮ ಮಾದರಿ ಕಟ್ಟಡದಲ್ಲಿ 24ರಲ್ಲಿ 14 ಮನೆ ಒಂದೇ ಕಂಪನಿ, ಐದು ಇನ್ನೊಂದು ಕಂಪನಿ, ಎರಡು ಫ್ರೀ ಡಿಶ್, ಮೂರು ಮನೆಯವರಿಗೆ ಡಿಶ್ಶೇ ಇಲ್ಲ ಎಂದು ಇಟ್ಟುಕೊಳ್ಳಿ. ಆಗ ಪತ್ರದಲ್ಲಿ ಹೇಳಬೇಕಾದ್ದು ಇಷ್ಟು: ಹಂಚಿಕೆಯ ಡಿಶ್ 14 ಮನೆಯವರ ಕಂಪನಿಯದು, ಕೇಬಲ್ ಮಾತ್ರ 24 ಮನೆಗೂ. ಉಳಿದವರನ್ನು ಕಂಪನಿ ಬದಲಿಸಿ ಎಂದು ಯಾರೂ ಒತ್ತಾಯಿಸುವ ಹಾಗಿಲ್ಲ. ಅವರ ಈಗಿನ ಪ್ಯಾಕ್ ಮುಗಿಯುವಾಗ ಅವರೇ ತೀರ್ಮಾನಿಸಲಿ. ಅಲ್ಲಿಯವರೆಗೆ ಅವರ ಡಿಶ್ ಇರಲಿ. ಆದರೆ ಮೋಲ್ಡಿನಿಂದ ಎದ್ದು, ತೂತು ಬೇಡದ ಕಡೆಗೆ ಹೋಗಲಿ.

ಮನೆಗಳು ಸರಿಯಾಗಿ ಅರ್ಧ ಅರ್ಧ ಹಂಚಿಹೋಗಿದ್ದರೆ ಎರಡು ಡಿಶ್ ಇಡುವುದೇ ಒಳ್ಳೆಯದು. ಎರಡು ಉಪಗ್ರಹವನ್ನು ಒಂದೇ ಕೇಬಲ್‌ನಲ್ಲಿ ಕಳಿಸುವ ಒಂಬತ್ತು ಇನ್‌ಪುಟ್‌ನ ಮಲ್ಟಿಸ್ವಿಚ್, ಅಂದರೆ ಡಿಶ್‌ನ ಸಿಗ್ನಲನ್ನು ಮನೆಮನೆಗೆ ಹಂಚುವ ಪೆಟ್ಟಿಗೆ, ಸಿಗುತ್ತದೆ. ಮೂರು ನಾಲ್ಕು ಕಂಪನಿಗೆ ಸಮನಾಗಿ ಹಂಚಿಹೋಗಿದ್ದರೆ ಈ ಪ್ರಸ್ತಾವವನ್ನು ಸದ್ಯಕ್ಕೆ ಬಿಡಿ ಎನ್ನುತ್ತೇನೆ.

ಇನ್ನೊಂದು ಮಾತು ಈ ಹಂತದಲ್ಲೇ ತೀರಿಹೋಗಲಿ. ಒಂದೇ ಬಾಕ್ಸ್, ಒಂದೇ ಚಂದಾ, ಎಲ್ಲರ ಮನೆಗೂ ಚಾನೆಲ್ ಎಂದು ಯಾರಾದರೂ ಜಾಣತನ ತೋರಿಸಿಯೇ ತೋರಿಸುತ್ತಾರೆ. ಅದು ಬೇಡ. ಮನೆ ಬಳಕೆಯ ಚಂದಾವನ್ನು ಹಾಗೆ ಹಂಚುವುದು ಕಂಪನಿಯ ಕರಾರಿಗೆ ವಿರುದ್ಧ. ಬಾಕ್ಸ್‌ನಿಂದ ಚಾನೆಲ್ ಬಿಚ್ಚಿ ಮನೆಗಳಿಗೆ ಕೇಬಲ್‌ನಲ್ಲಿ ಕಳಿಸಲು ಹೊರಟರೆ ಅದು 1995ರ ಕೇಬಲ್ ಟಿವಿ ಕಾಯ್ದೆಯಡಿ ನೋಂದಣಿ ಬೇಕಾದ ಕೇಬಲ್ ಆಪರೇಟರ್ ಕೆಲಸವಾಗುತ್ತದೆ. ನಾವು ಹಂಚುವುದು ಡಿಶ್ ಹಿಡಿದ ಕಚ್ಚಾ ಸಿಗ್ನಲ್ ಮಾತ್ರ. ಬಾಕ್ಸ್, ಕಾರ್ಡ್, ರೀಚಾರ್ಜ್ ಎಲ್ಲ ಅವರವರದ್ದೇ. ಬಹುಮಹಡಿ ಕಟ್ಟಡಗಳಿಗೆ ಹೀಗೆ ಒಂದೇ ಡಿಶ್ ಕೂರಿಸುವ ಏರ್ಪಾಡು ಕಂಪನಿಗಳಲ್ಲೂ ಇರುತ್ತದೆ, ಕೇಳಿ. ಬಾಕ್ಸಿಗೆ ಹೊಂದುವ ಎಲ್‌ಎನ್‌ಬಿ ಯಾವುದೆಂದು ಅವರಿಂದಲೇ ಬರೆಸಿಕೊಳ್ಳಿ.

ಸ್ಪ್ಲಿಟರ್ ಯಾಕೆ ಆಗುವುದಿಲ್ಲ

"ಒಂದು ಎಲ್‌ಎನ್‌ಬಿ, ನಾಲ್ಕು ಸ್ಪ್ಲಿಟರ್ ಸಾಕು ಸಾರ್, ಸುಮ್ನೆ ಯಾಕೆ ಖರ್ಚು" ಎನ್ನುವ ಟೆಕ್ನಿಷಿಯನ್ ಖಂಡಿತ ಸಿಗುತ್ತಾನೆ. ಸ್ಪ್ಲಿಟರ್ ಎಂದರೆ ಒಂದು ಕೇಬಲ್ಲನ್ನು ಹಲವಾಗಿ ಒಡೆಯುವ ಸಣ್ಣ ಡಬ್ಬಿ. ಸಮಿತಿಯಲ್ಲೂ ಒಬ್ಬರು ಅದನ್ನೇ ಹೇಳುತ್ತಾರೆ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಟ್ಯಾಂಕಿನಿಂದ ಪೈಪಿಗೆ ನೀರು ಇಳಿದ ಹಾಗೆ ಸಿಗ್ನಲ್ ಒಂದೇ ದಿಕ್ಕಿಗೆ ಇಳಿಯುತ್ತದೆ ಎಂದುಕೊಂಡರೆ ಎಡವಿದಂತೆ. ಕೆಳಗಿನ ಬಾಕ್ಸ್ ಕೂಡ ಅದೇ ಕೇಬಲ್‌ನಲ್ಲಿ ಮೇಲಕ್ಕೆ ಆದೇಶ ಕಳಿಸುತ್ತಿರುತ್ತದೆ. ಉಪಗ್ರಹದ ಚಾನೆಲ್‌ಗಳು ಎರಡು ಬಗೆಯಲ್ಲಿ ಬರುತ್ತವೆ. ಕೆಲವು ಲಂಬ ಅಲೆಯಲ್ಲಿ, ಕೆಲವು ಅಡ್ಡ ಅಲೆಯಲ್ಲಿ. ಬಾಕ್ಸ್ 13 ವೋಲ್ಟ್ ಕಳಿಸಿದರೆ ಎಲ್‌ಎನ್‌ಬಿ ಲಂಬದ್ದನ್ನು ಕೊಡುತ್ತದೆ, 18 ವೋಲ್ಟ್ ಕಳಿಸಿದರೆ ಅಡ್ಡದ್ದನ್ನು. ಜೊತೆಗೆ 22 ಕಿಲೋಹರ್ಟ್ಸ್‌ನ ಸಣ್ಣ ಸ್ವರ ಇದ್ದರೆ ಮೇಲಿನ ಬ್ಯಾಂಡ್, ಇಲ್ಲದಿದ್ದರೆ ಕೆಳಗಿನ ಬ್ಯಾಂಡ್. ಸಾದಾ ಎಲ್‌ಎನ್‌ಬಿ ಒಂದು ಸಲಕ್ಕೆ ಒಬ್ಬರ ಮಾತು ಮಾತ್ರ ಕೇಳುತ್ತದೆ.

ಅದಕ್ಕೆ ಸ್ಪ್ಲಿಟರ್ ಹಾಕಿ ಇಬ್ಬರನ್ನು ಕೂರಿಸಿದರೆ ಹೆಚ್ಚು ವೋಲ್ಟ್ ಕಳಿಸಿದವರದ್ದೇ ನಡೆಯುತ್ತದೆ. ಇದನ್ನು ಗುರುತಿಸುವುದು ಸುಲಭ. ಮೇಲಿನ ಮನೆಯವರು ಟಿವಿ ಹಾಕಿದ ಕೂಡಲೇ ಕೆಳಗಿನ ಮನೆಯಲ್ಲಿ ಕೆಲವು ಚಾನೆಲ್ ಮಾತ್ರ ಮಾಯ, ಅವರು ಚಾನೆಲ್ ಬದಲಿಸಿದರೆ ವಾಪಸ್. ಎಲ್ಲ ಚಾನೆಲ್ಲೂ ಹೋದರೆ ಅದು ಬೇರೆ ರೋಗ. ಒಂದಿಷ್ಟು ಬಂದು ಒಂದಿಷ್ಟು ಹೋದರೆ ಈ ವೋಲ್ಟಿನ ಜಗಳ. ಬೇಕಾದ ಚಾನೆಲ್‌ಗಳೆಲ್ಲ ಒಂದೇ ಬಗೆಯ ಅಲೆಯಲ್ಲಿ, ಒಂದೇ ಬ್ಯಾಂಡಿನಲ್ಲಿ ಬರುವ ಕಡೆ ಸ್ಪ್ಲಿಟರ್ ನಡೆದುಬಿಡುತ್ತದೆ. ಟೆಕ್ನಿಷಿಯನ್ ನೋಡಿರುವುದು ಅಂಥದ್ದನ್ನೇ ಇರಬಹುದು.

ಇದಕ್ಕೆ ಪರಿಹಾರ ಕ್ವಾಟ್ರೊ ಎಲ್‌ಎನ್‌ಬಿ ಮತ್ತು ಮಲ್ಟಿಸ್ವಿಚ್. ಕ್ವಾಟ್ರೊಗೆ ನಾಲ್ಕು ಬಾಯಿ: ಲಂಬ ಕೆಳಗಿನದು, ಲಂಬ ಮೇಲಿನದು, ಅಡ್ಡ ಕೆಳಗಿನದು, ಅಡ್ಡ ಮೇಲಿನದು. ನಾಲ್ಕೂ ಒಂದೇ ಸಮಯಕ್ಕೆ, ಯಾವಾಗಲೂ ಬರುತ್ತಿರುತ್ತವೆ. ಈ ನಾಲ್ಕು ಕೇಬಲ್ ಮಲ್ಟಿಸ್ವಿಚ್ಚಿಗೆ ಹೋಗುತ್ತವೆ. ಪ್ರತಿ ಮನೆಯ ಬಾಕ್ಸ್ ಮಲ್ಟಿಸ್ವಿಚ್ಚನ್ನು ಕೇಳುತ್ತದೆ, ಅದು ನಾಲ್ಕರಲ್ಲಿ ಬೇಕಾದ್ದನ್ನು ಆ ಮನೆಗೆ ಮಾತ್ರ ಕೊಡುತ್ತದೆ. ಯಾರ ಆದೇಶವೂ ಇನ್ನೊಬ್ಬರಿಗೆ ತಾಗುವುದಿಲ್ಲ.

ಅಂಗಡಿಯಲ್ಲಿ ಕ್ವಾಡ್ ಎಲ್‌ಎನ್‌ಬಿ ಎಂದು ಇನ್ನೊಂದು ಸಿಗುತ್ತದೆ. ಅದಕ್ಕೂ ನಾಲ್ಕು ಬಾಯಿ, ನೋಡಲು ಒಂದೇ ಥರ. ಆದರೆ ಅದು ನಾಲ್ಕು ಬಾಕ್ಸಿಗೆ ನೇರವಾಗಿ ಕೊಡುವಂಥದ್ದು. ಕೊಟೇಶನ್‌ನಲ್ಲಿ ಕ್ವಾಟ್ರೊ ಎಂದೇ ಬರೆಸಿ. ಬಂದ ಮೇಲೆ ಬಾಯಿಗಳ ಪಕ್ಕ V ಮತ್ತು H ಗುರುತು ಇದೆಯೇ ನೋಡಿ, ಕ್ವಾಡ್‌ಗೆ ಆ ಗುರುತು ಇರುವುದಿಲ್ಲ. ನಾಲ್ಕು ಕೇಬಲ್‌ನಲ್ಲಿ ಎರಡು ಅದಲುಬದಲಾದರೂ ಎಲ್ಲ ಮನೆಯಲ್ಲೂ ಅವೇ ಚಾನೆಲ್‌ಗಳು ಕಾಣೆಯಾಗುತ್ತವೆ. ಹಾಗಾಗಿ ಎರಡು ತುದಿಗೂ ಬಣ್ಣದ ಟೇಪ್ ಸುತ್ತಿಸಿ.

ನಮ್ಮ 24 ಮನೆಗೆ 32 ಔಟ್‌ಪುಟ್‌ನ ಮಲ್ಟಿಸ್ವಿಚ್ ಬೇಕು. ಎರಡನೇ ಟಿವಿಗೆ ಎರಡನೇ ಔಟ್‌ಪುಟ್ ಬೇಕಾಗುತ್ತದೆ, ಎಂಟು ಮನೆಗೆ ಅದು ಸಾಕು.

ದೂರದ ಮನೆಗೆ ಸಿಗ್ನಲ್ ಮುಟ್ಟುತ್ತದೆಯೇ?

ಕೊಟೇಶನ್ ಕೊಡುವವರು ಈ ಲೆಕ್ಕ ಮಾಡುವುದೇ ಇಲ್ಲ. ನೀವೇ ಮಾಡಿ, ಕಷ್ಟ ಇಲ್ಲ. ಅತಿ ದೂರದ ಒಂದು ಮನೆಗೆ ಮಾಡಿದರೆ ಸಾಕು.

ಮಲ್ಟಿಸ್ವಿಚ್ಚನ್ನು ತಾರಸಿಯ ಲಿಫ್ಟ್ ರೂಮಿನ ಪಕ್ಕ, ಮಳೆ ತಾಗದ ಕಡೆ ಇಡುತ್ತೇವೆ. ಡಿಶ್‌ನಿಂದ ಅಲ್ಲಿಗೆ 8 ಮೀಟರ್. ಅಲ್ಲಿಂದ ಡಕ್ಟಿನೊಳಗೆ ಇಳಿದು, ಕಾರಿಡಾರ್ ದಾಟಿ, ಮೊದಲ ಮಹಡಿಯ ಕೊನೆಯ ಮನೆಯ ಟಿವಿವರೆಗೆ 38 ಮೀಟರ್. ಒಳ್ಳೆಯ ಆರ್‌ಜಿ-6 ಕೇಬಲ್ ಅತಿ ಹೆಚ್ಚಿನ ಆವರ್ತನದಲ್ಲಿ, ಅಂದರೆ 2150 ಮೆಗಾಹರ್ಟ್ಸ್‌ನಲ್ಲಿ, ನೂರು ಮೀಟರಿಗೆ ಸುಮಾರು 30 ಡೆಸಿಬೆಲ್ ತಿನ್ನುತ್ತದೆ. 8 ಮೀಟರಿಗೆ ಎರಡೂವರೆ, 38 ಮೀಟರಿಗೆ ಹನ್ನೊಂದೂವರೆ.

ಸಿಗ್ನಲ್‌ನ ಬಲ ಅಳೆಯುವುದು ಡಿಬಿ ಮೈಕ್ರೋವೋಲ್ಟ್‌ನಲ್ಲಿ. ಎಲ್‌ಎನ್‌ಬಿಯಿಂದ 78 ಡಿಬಿ ಮೈಕ್ರೋವೋಲ್ಟ್ ಹೊರಟಿತು ಎನ್ನೋಣ. ಎರಡೂವರೆ ಕಳೆದರೆ 75.5. ಮಲ್ಟಿಸ್ವಿಚ್ಚಿನಲ್ಲಿ ಮೂರು ಹೋದರೆ 72.5. ಉದ್ದ ಕೇಬಲ್‌ಗೆ ಹನ್ನೊಂದೂವರೆ ಹೋದರೆ 61. ಗೋಡೆಯ ಸಾಕೆಟ್ಟಿಗೆ ಒಂದು. ಟಿವಿ ಹತ್ತಿರ 60 ಸಿಗುತ್ತದೆ. ಬಾಕ್ಸಿಗೆ ಬೇಕಾದ್ದು 47ರಿಂದ 77ರ ನಡುವೆ. ಆರಾಮಾಗಿ ಆಯಿತು, ಆಂಪ್ಲಿಫೈಯರ್ ಬೇಡ. ಮಲ್ಟಿಸ್ವಿಚ್ಚಿನ ನಿಜವಾದ ನಷ್ಟ ಅದರ ಡಬ್ಬದ ಮೇಲೇ ಇರುತ್ತದೆ, ನನ್ನ ಮೂರರ ಬದಲು ಅದನ್ನು ಹಾಕಿಕೊಳ್ಳಿ. ಉತ್ತರ 50ಕ್ಕಿಂತ ಕೆಳಗೆ ಬಂದರೆ ಆ ಮನೆಗೆ ದಪ್ಪದ ಆರ್‌ಜಿ-11 ಕೇಬಲ್ ಎಳೆಸಿ.

ಕೇಬಲ್‌ನ ಗುಣ ನೋಡಲು ಒಂದು ಚೂರು ಕತ್ತರಿಸಿ, ಒಳಗಿನ ತಂತಿಗೆ ಫ್ರಿಜ್ಜಿನ ಮ್ಯಾಗ್ನೆಟ್ ತಾಗಿಸಿ. ಅಂಟಿಕೊಂಡರೆ ಅದು ತಾಮ್ರ ಲೇಪಿಸಿದ ಉಕ್ಕು. ಮನೆಗಳಿಗೆ ಹೋಗುವ ಕೇಬಲ್‌ಗೆ ಅದೂ ನಡೆಯುತ್ತದೆ. ಆದರೆ ಎಲ್‌ಎನ್‌ಬಿಗೆ ಕರೆಂಟ್ ಹೋಗುವ ಆ ನಾಲ್ಕು ತುಂಡಿಗೆ ಪೂರ್ತಿ ತಾಮ್ರದ್ದೇ ಹಾಕಿಸಿ.

ಖರ್ಚು ಇಳಿಯುವ ದೊಡ್ಡ ದಾರಿಯೂ ಇಲ್ಲೇ ಇದೆ. ಈಗ ಡಿಶ್ ಇರುವ ಮನೆಗಳಿಗೆಲ್ಲ ತಾರಸಿಯಿಂದ ಒಂದು ಕೇಬಲ್ ಆಗಲೇ ಇಳಿದಿದೆ. ಅದರ ಮೇಲಿನ ತುದಿಯನ್ನು ಲಿಫ್ಟ್ ರೂಮಿನವರೆಗೆ ತಂದರೆ ಆಯಿತು. ಬಿಸಿಲಿಗೆ ಸಿಪ್ಪೆ ಒಡೆದದ್ದು, ಕೋತಿ ಎಳೆದು ಜಜ್ಜಿದ್ದು, ನಡುವೆ ಗಂಟು ಹಾಕಿ ಟೇಪ್ ಸುತ್ತಿದ್ದು, ಇವನ್ನು ಮಾತ್ರ ಬದಲಿಸಿ. ಹಳೇ ಕನೆಕ್ಟರ್ ಬಿಚ್ಚಿ ಒಳಗೆ ನೋಡಿ. ತಂತಿಯೂ ಜಾಲರಿಯೂ ಕಪ್ಪಾಗಿದ್ದರೆ ಅಥವಾ ಹಸಿರು ಹಿಡಿದಿದ್ದರೆ ನೀರು ಒಳಗೆ ಇಳಿದಿದೆ ಎಂದು ಅರ್ಥ. ಅಂಥ ಕೇಬಲ್‌ನಲ್ಲಿ ಮೇಲಿನ ಆವರ್ತನದ ಚಾನೆಲ್‌ಗಳು ಮೊದಲು ಕೈಕೊಡುತ್ತವೆ. ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದರೆ ಸಾಲದು, ಒಳಗೆ ತಾಮ್ರ ಹೊಳೆಯುವವರೆಗೆ ಕತ್ತರಿಸುತ್ತ ಹೋಗಬೇಕು. ಒಂದು ಮೀಟರ್ ಕತ್ತರಿಸಿದರೂ ಹೊಳಪು ಕಾಣದಿದ್ದರೆ ಕೇಬಲ್ಲೇ ಬದಲಿಸಿ.

ಕರೆಂಟ್ ಹೋದರೆ, ಗುಡುಗಿದರೆ

"ಈಗ ಒಬ್ರ ಡಿಶ್ ಹಾಳಾದ್ರೆ ಒಬ್ರಿಗೆ ಟಿವಿ ಇಲ್ಲ. ಇದು ಹಾಳಾದ್ರೆ ಎಲ್ರಿಗೂ ಇಲ್ಲ, ಅಲ್ವಾ?" ಖಜಾಂಚಿಗಳು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಹೌದು, ನಿಜ. ಮುಚ್ಚಿಡಬೇಡಿ.

ಅದರಲ್ಲೂ ಕರೆಂಟ್ ವಿಷಯ. ಮಲ್ಟಿಸ್ವಿಚ್ಚಿಗೆ ಕರೆಂಟ್ ಬೇಕು. ಮನೆಯಲ್ಲಿ ಇನ್ವರ್ಟರ್ ಇರುವವರು ಇವತ್ತು ಕರೆಂಟ್ ಹೋದಾಗಲೂ ಟಿವಿ ನೋಡುತ್ತಾರೆ. ನಾಳೆ ತಾರಸಿಯ ಲೈನ್ ಸತ್ತರೆ ಅವರ ಟಿವಿಯೂ ಸಾಯುತ್ತದೆ, ಸಿಟ್ಟು ಬರದೇ ಇರುತ್ತದೆಯೇ? ಮೆಟ್ಟಿಲು ಲೈಟಿನ ಇನ್ವರ್ಟರ್ ಇದ್ದರೆ ಅದೇ ಲೈನಿನಿಂದ ಮಲ್ಟಿಸ್ವಿಚ್ಚಿಗೆ ಕೊಡಿ, ಒಂದೆರಡು ಬಲ್ಬಿನಷ್ಟು ಕರೆಂಟ್ ಸಾಕು. ಇಲ್ಲದಿದ್ದರೆ ಅದಕ್ಕೇ ಒಂದು ಸಣ್ಣ ಯುಪಿಎಸ್ ಇಡಿ. ಜೊತೆಗೆ ಒಂದು ಎಲ್‌ಎನ್‌ಬಿ, ಮಲ್ಟಿಸ್ವಿಚ್ಚಿನ ಒಂದು ಅಡಾಪ್ಟರ್ ಹೆಚ್ಚಿಗೆ ಕೊಂಡು ಕಚೇರಿ ಬೀರುವಿನಲ್ಲಿ ಇಡಿ. ಹೆಚ್ಚಾಗಿ ಕೆಡುವುದು ಈ ಎರಡೇ.

ಏಪ್ರಿಲ್ ಮೇ ತಿಂಗಳ ಗುಡುಗು ಮಳೆಗೆ ಅರ್ಥಿಂಗ್ ಇರಲೇಬೇಕು. ಕಂಬದಿಂದ ಕಟ್ಟಡದ ಅರ್ಥಿಂಗ್‌ಗೆ 16 ಚದರ ಮಿಲಿಮೀಟರ್ ತಾಮ್ರದ ತಂತಿ, ಕೇಬಲ್‌ಗಳ ಜಾಲರಿಗಳನ್ನೆಲ್ಲ ಸೇರಿಸಲು ಮಲ್ಟಿಸ್ವಿಚ್ ಹತ್ತಿರ ಒಂದು ಅರ್ಥ್ ಪಟ್ಟಿ. ನೀರಿನ ಪೈಪಿಗೆ ಸುತ್ತಿದರೆ ಅದು ಅರ್ಥಿಂಗ್ ಅಲ್ಲ, ಈಗ ಪೈಪುಗಳೆಲ್ಲ ಪ್ಲಾಸ್ಟಿಕ್ಕು. ಒಂಟಿ ಡಿಶ್‌ಗಳಿಗೆ ಅರ್ಥಿಂಗ್ ಯಾರೂ ಮಾಡಿಸಿರುವುದಿಲ್ಲ. ಆದರೆ ಇಲ್ಲಿ ಒಂದು ಕಂಬ 24 ಮನೆಯ ಟಿವಿಗೆ ತಂತಿಯಲ್ಲಿ ಸೇರಿಕೊಂಡಿದೆ. ನೇರ ಸಿಡಿಲು ಬಡಿದರೆ ಇದೂ ಕಾಪಾಡುವುದಿಲ್ಲ, ಹತ್ತಿರದಲ್ಲಿ ಬಿದ್ದ ಸಿಡಿಲಿನ ಹೊಡೆತ ಮಾತ್ರ ತಗ್ಗುತ್ತದೆ.

ಪತ್ರ

ಉದ್ದ ಬೇಡ, ಎರಡು ಪುಟದೊಳಗೆ ಇರಲಿ. ಮೇಲಿನ ತಾಂತ್ರಿಕ ವಿವರ ಪತ್ರದಲ್ಲಿ ಬೇಡ, ಕೇಳಿದರೆ ಹೇಳಲು ನಿಮ್ಮ ಹತ್ತಿರ ಇರಲಿ. ತಾರಸಿ ಎಲ್ಲರ ಸಾಮಾನ್ಯ ಆಸ್ತಿ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲೂ ಛಾವಣಿ ಸಾಮಾನ್ಯ ಭಾಗಗಳಲ್ಲೇ ಬರುತ್ತದೆ. ಹಾಗಾಗಿ ಸಮಿತಿ ಒಪ್ಪಿದರೂ ಸರ್ವಸದಸ್ಯರ ಸಭೆಯಲ್ಲಿ ನಿರ್ಣಯ ಆಗಲಿ. ಸಮಿತಿ ತಾನೇ ಎಷ್ಟು ಖರ್ಚು ಮಾಡಬಹುದು ಎಂಬುದನ್ನು ನಿಮ್ಮ ಬೈಲಾದಲ್ಲಿ ಮೊದಲೇ ನೋಡಿಕೊಳ್ಳಿ. ಒಂದು ಮಾದರಿ:

"ಮಾನ್ಯ ಅಧ್ಯಕ್ಷರು, ಕಾರ್ಯದರ್ಶಿಗಳು ಹಾಗೂ ಸಮಿತಿಯ ಸದಸ್ಯರಿಗೆ ನಮಸ್ಕಾರಗಳು.

ವಿಷಯ: ತಾರಸಿಯಲ್ಲಿ ಒಂದೇ ಹಂಚಿಕೆ ಡಿಶ್ ಇಟ್ಟು ಎಲ್ಲ ಫ್ಲಾಟುಗಳಿಗೂ ಕೇಬಲ್ ಕೊಡುವ ಬಗ್ಗೆ.

ನಮ್ಮ ತಾರಸಿಯಲ್ಲಿ ಈಗ ____ ಡಿಶ್‌ಗಳಿವೆ. ಅವುಗಳ ಬೋಲ್ಟಿಗಾಗಿ ಮೋಲ್ಡಿನಲ್ಲಿ ____ ತೂತುಗಳಿವೆ. ಇದರಲ್ಲಿ ____ ಕಡೆ ತೂತಿನ ನೇರ ಕೆಳಗೆ ಸೀಲಿಂಗ್ ಒದ್ದೆಯಾಗಿದೆ. ಫೋಟೋ ಲಗತ್ತಿಸಿದೆ. ಜೋರು ಮಳೆಯಲ್ಲಿ ಸಿಗ್ನಲ್ ಹೋಗುವುದು ಎಲ್ಲರಿಗೂ ಗೊತ್ತಿದ್ದದ್ದೇ.

ಮನೆಮನೆ ಕೇಳಿ ಮಾಡಿದ ಪಟ್ಟಿಯ ಪ್ರಕಾರ ____ ಮನೆಯವರು ಒಂದೇ ಕಂಪನಿಯ ಗ್ರಾಹಕರು. ಆ ಕಂಪನಿಗೆ ಹೊಂದುವ 90 ಸೆಂಟಿಮೀಟರ್ ಡಿಶ್ ಒಂದನ್ನು, ಮೋಲ್ಡಿಗೆ ತೂತು ಹಾಕದೆ, ಭಾರದ ಚೌಕಟ್ಟಿನ ಮೇಲೆ ಇಡಬೇಕೆಂದು ಕೋರುತ್ತೇವೆ. ಪ್ರತಿ ಫ್ಲಾಟಿಗೂ ಪ್ರತ್ಯೇಕ ಕೇಬಲ್ ಇರುತ್ತದೆ. ಬಾಕ್ಸ್ ಮತ್ತು ರೀಚಾರ್ಜ್ ಅವರವರದ್ದೇ. ಬೇರೆ ಕಂಪನಿಯ ಗ್ರಾಹಕರು ಬದಲಿಸಬೇಕೆಂಬ ಕಡ್ಡಾಯ ಇಲ್ಲ.

ಇದರಿಂದ ಆಗದ್ದನ್ನೂ ತಿಳಿಸುತ್ತೇವೆ. ತಿಂಗಳ ರೀಚಾರ್ಜ್ ಕಡಿಮೆಯಾಗುವುದಿಲ್ಲ. ಅತಿ ಜೋರು ಮಳೆಯಲ್ಲಿ ಸ್ವಲ್ಪ ಹೊತ್ತು ಸಿಗ್ನಲ್ ಹೋಗಬಹುದು. ಮಾರ್ಚ್ ಮಧ್ಯದಲ್ಲಿ, ಸೆಪ್ಟೆಂಬರ್ ಕೊನೆಯಲ್ಲಿ ಸೂರ್ಯ ಉಪಗ್ರಹದ ನೇರಕ್ಕೆ ಬರುವುದರಿಂದ ಕೆಲವು ದಿನ, ಮಧ್ಯಾಹ್ನಕ್ಕೆ ಮುಂಚೆ, ಕೆಲವು ನಿಮಿಷ ಚಿತ್ರ ನಿಲ್ಲಬಹುದು. ಇದು ದೋಷವಲ್ಲ.

ಡಿಶ್, ಎಲ್‌ಎನ್‌ಬಿ, ಮಲ್ಟಿಸ್ವಿಚ್, ಅರ್ಥಿಂಗ್ ಮತ್ತು ಬಿಡಿಭಾಗಗಳ ಖರ್ಚು ರೂ. ____. ಇದನ್ನು ಸಂಘದ ನಿಧಿಯಿಂದ ಭರಿಸಿ, ಸಂಘದ ಆಸ್ತಿಯೆಂದು ದಾಖಲಿಸಬೇಕೆಂದು ಕೋರುತ್ತೇವೆ. ಹೊಸ ಕೇಬಲ್ ಬೇಕಾದ ಮನೆಯವರು ಅದರ ಖರ್ಚು ತಾವೇ ಕೊಡುತ್ತಾರೆ. ಮೂರು ಕೊಟೇಶನ್ ಲಗತ್ತಿಸಿದೆ."

ಕೆಳಗೆ ಒಪ್ಪಿದ ಮನೆಯವರ ಸಹಿ, ಫ್ಲಾಟ್ ನಂಬರ್ ಸಮೇತ. ಮಾಲೀಕರದ್ದೇ ಸಹಿ ಬೇಕು. ಬಾಡಿಗೆಯವರ ಸಹಿಯನ್ನೂ ಬೇರೆ ಪಟ್ಟಿಯಲ್ಲಿ ಹಾಕಿಸಿ, ಟಿವಿ ನೋಡುವವರು ಅವರೇ ತಾನೆ.

ಒಪ್ಪಿಗೆ ಸಿಕ್ಕ ಮೇಲೆ

ಕೆಲಸ ಶುರುವಾಗುವ ಮುಂಚೆ ಪ್ರತಿ ಮನೆಯ ಬಾಕ್ಸಿನಲ್ಲಿ ಸಿಗ್ನಲ್ ತೋರಿಸುವ ಪರದೆ ತೆರೆದು ಫೋಟೋ ತೆಗೆದಿಡಿ. ಎರಡು ಪಟ್ಟಿ ಕಾಣುತ್ತವೆ, ಬಲ ಮತ್ತು ಗುಣಮಟ್ಟ. ನೋಡಬೇಕಾದ್ದು ಗುಣಮಟ್ಟ. ಬಲ 90 ಇದ್ದು ಗುಣಮಟ್ಟ ಕೆಳಗಿದ್ದರೆ ಡಿಶ್ ಸರಿಯಾಗಿ ತಿರುಗಿಲ್ಲ. ಕೆಲಸ ಮುಗಿದ ಮೇಲೆ ಯಾವ ಮನೆಯಲ್ಲೂ ಗುಣಮಟ್ಟ ಮೊದಲಿಗಿಂತ ಇಳಿದಿರಬಾರದು.

ಟೆಕ್ನಿಷಿಯನ್ ಒಂದು ಮನೆಯಲ್ಲಿ ಟಿವಿ ಹಾಕಿ ತೋರಿಸಿ "ಆಯ್ತು ಸಾರ್" ಎಂದರೆ ದುಡ್ಡು ಕೊಡಬೇಡಿ. ಭಾನುವಾರ ಸಂಜೆ ಏಳಕ್ಕೆ ಎಲ್ಲರೂ ಒಟ್ಟಿಗೆ ಟಿವಿ ಹಾಕಲಿ. ಅರ್ಧ ಜನ ಲಂಬದ ಒಂದು ಚಾನೆಲ್, ಉಳಿದರ್ಧ ಅಡ್ಡದ ಒಂದು ಚಾನೆಲ್. ಯಾವ ಚಾನೆಲ್ ಯಾವುದರಲ್ಲಿದೆ ಎಂದು ಟೆಕ್ನಿಷಿಯನ್ನೇ ಹೇಳಲಿ. ಹತ್ತು ನಿಮಿಷದ ಮೇಲೆ ಅದಲುಬದಲು ಮಾಡಿ. ಎಲ್ಲೂ ಒಂದು ಚಾನೆಲ್ಲೂ ಅಲುಗದಿದ್ದರೆ ಮಲ್ಟಿಸ್ವಿಚ್ ಸರಿಯಾಗಿದೆ. ಆಮೇಲೆ ತಾರಸಿ ಲೈನಿನ ಮೇನ್ ಸ್ವಿಚ್ ಆರಿಸಿ, ಯುಪಿಎಸ್‌ನಲ್ಲಿ ಎಲ್ಲ ಮನೆಯಲ್ಲೂ ಚಿತ್ರ ಉಳಿಯುತ್ತದೆಯೇ ನೋಡಿ. ಹಣದ ಒಂದು ಭಾಗವನ್ನು ಮೊದಲ ಜೋರು ಮಳೆ ಕಳೆಯುವವರೆಗೆ ತಡೆಹಿಡಿಯುವ ಮಾತನ್ನು ಕೊಟೇಶನ್‌ನಲ್ಲೇ ಬರೆಸಿ.

ಹಳೇ ಡಿಶ್ ತೆಗೆಸುವುದನ್ನೂ ಅದೇ ಕರಾರಿಗೆ ಸೇರಿಸಿ. ಬೋಲ್ಟನ್ನು ಮೋಲ್ಡಿನ ಮಟ್ಟಕ್ಕೆ ಕತ್ತರಿಸಿ ಬಿಡಬಾರದು, ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ. ಕಿತ್ತು, ತೂತು ಊದಿ ಧೂಳು ತೆಗೆದು, ಕುಗ್ಗದ ಗ್ರೌಟ್ ತುಂಬಿಸಿ, ಮೇಲೆ ವಾಟರ್‌ಪ್ರೂಫಿಂಗ್ ಲೇಪನ ಹಾಕಿಸಿ. ತಾರಸಿ ಪೂರ್ತಿ ಒಣಗಿರುವ ಫೆಬ್ರವರಿ, ಮಾರ್ಚ್‌ನಲ್ಲಿ ಇದನ್ನು ಮುಗಿಸಿ. ಮುಚ್ಚಿದ ಪ್ರತಿ ತೂತಿಗೂ ಸೀಮೆಸುಣ್ಣದಲ್ಲಿ ನಂಬರ್ ಬರೆದು ಫೋಟೋ ತೆಗೆದಿಟ್ಟರೆ, ಮುಂಗಾರಿನಲ್ಲಿ ಮತ್ತೆ ಎಲ್ಲಾದರೂ ಒದ್ದೆಯಾದಾಗ ಯಾವ ತೂತಿನಿಂದ ಎಂದು ಹುಡುಕಲು ಸುಲಭ.